ನೀಲಿ ಮಣ್ಣು ದಾಟಿ ಅಗೆದ ಬೇಸಿಗೆ

ಆ ಒಂದು ಕೆರೆ ನನಗೆ ಒಂದು ಟ್ರ್ಯಾಕ್ಟರಿನ ಬೆಲೆಗೆ ಬಿತ್ತು, ಟ್ರೇಲರ್ ಸಮೇತ. ಅದರ ಮೇಲೆ ಒಂದು ಪೂರ್ತಿ ಮಳೆಗಾಲದ ನಿದ್ದೆ. ಕಾರಣ ಇಷ್ಟೇ: ಎಲ್ಲಿ ನಿಲ್ಲಿಸಬೇಕಿತ್ತೋ ಅಲ್ಲಿಂದ ಒಂದೂವರೆ ಅಡಿ ಕೆಳಗೆ ಅಗೆದೆ. ಮೂವತ್ತು ವರ್ಷ ಮಣ್ಣಿನ ಕೆಲಸದ ಗುತ್ತಿಗೆ ಹಿಡಿದವನು ನಾನು. ಗಳಿಸಿದ್ದೆಲ್ಲ ಬರೆದರೆ ಓದುವವರಿಗೆ ಬೇಸರ, ಬರೆಯುವ ನನಗೆ ಆದಾಯ ತೆರಿಗೆಯ ಭಯ. ಕಳೆದದ್ದನ್ನು ಬರೆಯುತ್ತೇನೆ. ಈಗ ಈ ಕೆಲಸಕ್ಕೆ ಇಳಿಯುತ್ತಿರುವವರಿಗೆ ಉಪಯೋಗವಾದೀತು.

ನಾನು ರಬಕವಿಯ ಮಗ್ಗದ ಓಣಿಯಲ್ಲಿ ಬೆಳೆದವನು. ಮೊದಲು ಸೀರೆ ಗಂಟು ಹೊತ್ತೆ, ಆಮೇಲೆ ಸೀರೆ ವ್ಯಾಪಾರಿಗಳ ನಡುವೆ ದರ ಕುದುರಿಸಿ ಕೊಡುವ ಕೆಲಸ ಮಾಡಿದೆ, ಅದರಲ್ಲಿ ಉಳಿದದ್ದರಿಂದ ಹಳೆಯ ಟ್ರ್ಯಾಕ್ಟರೊಂದನ್ನು ಕೊಂಡೆ. ಜಮಖಂಡಿ, ಬೀಳಗಿ, ಮುಧೋಳ ತಾಲೂಕುಗಳ ಕೆರೆಗಳಿಗೆ ಹೂಳು ತೆಗೆಯಲು ಹೋಗತೊಡಗಿದ್ದು ಹಾಗೆ. ಕೆರೆ ಅಂದರೆ ನೀರು ನಿಲ್ಲುವ ಗುಂಡಿ, ಗುಂಡಿ ದೊಡ್ಡದಾದಷ್ಟೂ ನೀರು ಹೆಚ್ಚು ಎಂದು ನಾನು ತಿಳಿದಿದ್ದೆ. ಈ ತಿಳುವಳಿಕೆಗೆ ಮೊದಲ ಪೆಟ್ಟು ಬಿದ್ದದ್ದು ಬೀಳಗಿ ಕಡೆಯ ಒಂದು ಊರಲ್ಲಿ.

ಅಲ್ಲಿ ಒಡ್ಡಿಗೆ ಕಲ್ಲು ಕಟ್ಟುವ ಕೆಲಸ ಮುಗಿಯುವ ಹೊತ್ತಿಗೆ ಊರಿನ ಹಿರಿಯನೊಬ್ಬ ಬಂದು, "ಕೋಡಿ ಮ್ಯಾಲ ಒಂದ್ ವರಸಿ ಕಲ್ಲ ಹೆಚ್ಚಿಗಿ ಕೂಡಸ್ರಿ. ನಮ್ಮ ನೀರ ನಮಗ ಉಳಿಲಿ," ಅಂದ. ಕೋಡಿ ಅಂದರೆ ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಬೀಳುವ ಕಟ್ಟೆ. ಕಲ್ಲು ಉಳಿದಿದ್ದವು, ಊರಿನವರ ಮನಸ್ಸು ಗೆದ್ದಂತಾಗಲಿ ಎಂದು ಕೂಡಿಸಿಬಿಟ್ಟೆ. ಮೊದಲ ದೊಡ್ಡ ಮಳೆಗೆ ನೀರು ಹಿಂದಕ್ಕೆ ಸರಿದು ಕೆರೆಯ ಮೇಲ್ಭಾಗದ ಹೊಲಗಳಿಗೆ ನುಗ್ಗಿತು. ಬಿತ್ತಿದ ಸಜ್ಜೆ ಮುಳುಗಿತು. ಆ ಹೊಲದಲ್ಲಿ ಅರ್ಧ, ಕಲ್ಲು ಕೂಡಿಸಲು ಹೇಳಿದ ಹಿರಿಯನದೇ. ಒಂದು ವಾರದಲ್ಲಿ ಅವನೇ ಹಾರೆ ತಂದು ಕಲ್ಲು ಕೀಳಿಸಿದ. ಯಾವ ಯಂತ್ರವೂ ಇಲ್ಲದ ಕಾಲದಲ್ಲಿ ಆ ಕೋಡಿಯ ಎತ್ತರವನ್ನು ನಿಗದಿ ಮಾಡಿದವರು ಎಷ್ಟು ಲೆಕ್ಕ ಹಾಕಿದ್ದರು ಎಂಬುದು ನನಗೆ ಅಂದು ತಿಳಿಯಿತು. ಮೇಲಿನವರ ಹೊಲ ಮುಳುಗಬಾರದು, ಒಡ್ಡಿನ ತಲೆಯ ಮೇಲೆ ನೀರು ಹರಿಯಬಾರದು, ಕೆಳಗಿನ ಊರಿಗೆ ಪಾಲು ತಪ್ಪಬಾರದು. ಈ ಮೂರಕ್ಕೂ ಉತ್ತರವಾಗಿ ಅವರು ಇಟ್ಟದ್ದು ಒಂದೇ ಕಲ್ಲು.

ತಿಳಿಯಿತು ಅಂದೆನಲ್ಲ, ಪೂರ್ತಿ ತಿಳಿದಿರಲಿಲ್ಲ.

ಬಾಗಲಕೋಟೆ ಜಿಲ್ಲೆ ಆಗಿ ಕೆಲವು ವರ್ಷಗಳಾಗಿದ್ದವು. ಆಲಮಟ್ಟಿಯ ಹಿನ್ನೀರು ಗಲಗಲಿಯ ಕಡೆ ಹೊಲಗಳ ಅಂಚಿಗೆ ಬಂದು ನಿಂತಿತ್ತು. ಎಲ್ಲರ ಬಾಯಲ್ಲೂ ಡ್ಯಾಮು, ಕಾಲುವೆ, ಪರಿಹಾರ. ಕೆರೆಗಳ ಕಾಲ ಮುಗಿಯಿತು ಎಂದು ಚಹಾ ಅಂಗಡಿಗಳಲ್ಲಿ ತೀರ್ಮಾನವೇ ಆಗಿತ್ತು. ಆದರೆ ಕಾಲುವೆ ತನಗಿಂತ ಎತ್ತರದಲ್ಲಿರುವ ಊರಿಗೆ ಹತ್ತಿ ಹೋಗುವುದಿಲ್ಲ. ಲೋಕಾಪುರದ ಆಚೆ ಅಂಥ ಮೂರು ಊರುಗಳು ಒಂದೇ ಹಳ್ಳದ ಗುಂಟ ಇದ್ದವು. ಹೆಸರು ಬೇಡ, ಇವತ್ತಿಗೂ ಅಲ್ಲಿ ನನಗೆ ಬೇಕಾದವರಿದ್ದಾರೆ. ಮೇಲಿನೂರು, ನಡುವಿನೂರು, ಕೆಳಗಿನೂರು ಎನ್ನೋಣ. ಊರಿಗೊಂದು ಕೆರೆ. ನಡುವಿನೂರಿನ ಕೆರೆಯ ಹೂಳು ತೆಗೆಯುವ ಗುತ್ತಿಗೆ ನನಗೆ ಬಂತು.

ಆ ಊರಿನಲ್ಲಿ ಕೆರೆಯ ನೀರು ಬಿಡುವ ತೂಬು ನೋಡಿಕೊಳ್ಳುತ್ತಿದ್ದವನು ಬೀರಪ್ಪ. ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಅರವತ್ತು ದಾಟಿದ್ದರೂ ತುಂಬಿದ ಕೆರೆಗೆ ಮುಳುಗಿ ತೂಬಿನ ಬೆಣೆ ತೆಗೆಯುತ್ತಿದ್ದ. ಮೊದಲ ದಿನ ನನ್ನನ್ನು ಹಳ್ಳದ ಗುಂಟ ಮೂರೂ ಕೆರೆ ಸುತ್ತಿಸಿದ. ನಾನು ಹೊತ್ತಾಗುತ್ತದೆ ಎಂದು ಗೊಣಗಿದೆ.

"ನಡು ಕೆರಿ ಒಂದ ನೋಡಿದ್ರ ಸಾಕಾಗಂಗಿಲ್ಲನು, ಬೀರಪ್ಪ ಕಾಕಾ?"

"ಮದವಿ ಮಾಡ್ಕೊಳ್ಳಾವ ಹುಡುಗಿ ಒಂದ ನೋಡಿ ಬರ್ತಾನೇನು, ತಮ್ಮಾ? ಮನಿತನಾ ನೋಡಬೇಕು."

ಮನೆತನ ಹೀಗಿತ್ತು. ಮೇಲಿನ ಕೆರೆ ಗುಡ್ಡದ ನೀರನ್ನು ಮೊದಲು ಹಿಡಿಯುತ್ತದೆ. ಗುಡ್ಡದಿಂದ ಬರುವ ಉಸುಕು, ಸಣ್ಣ ಹರಳಿನ ಗರಸು ಅಲ್ಲೇ ಕೂಡುತ್ತವೆ. ಅದು ತುಂಬಿದ ಮೇಲೆ ಕೋಡಿ ಬಿದ್ದು ನೀರು ಹಳ್ಳ ಹಿಡಿದು ನಡುವಿನ ಕೆರೆಗೆ ಬರುತ್ತದೆ. ಅಷ್ಟರಲ್ಲಿ ಉಸುಕು ಇಳಿದಿರುವುದರಿಂದ ಇಲ್ಲಿ ಕೂಡುವುದು ನುಣುಪಾದ ಕಪ್ಪು ಹೂಳು, ಹೊಲಕ್ಕೆ ಒಳ್ಳೆಯದು. ನಡುವಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ. ಇದು ಕಣ್ಣಿಗೆ ಕಾಣುವ ದಾರಿ. ಕಾಣದ ದಾರಿ ಇನ್ನೂ ಎರಡಿದ್ದವು. ಮೇಲಿನ ಕೆರೆಯ ತೂಬಿನಿಂದ ಗದ್ದೆಗೆ ಬಿಟ್ಟ ನೀರು ಬಸಿದು ಮತ್ತೆ ಹಳ್ಳಕ್ಕೇ ಬಂದು ಮುಂದಿನ ಕೆರೆ ಸೇರುತ್ತಿತ್ತು. ಒಂದೇ ನೀರು ಮೂರು ಊರಲ್ಲಿ ದುಡಿಯುತ್ತಿತ್ತು. ಜೊತೆಗೆ ಕೆರೆಯಲ್ಲಿ ನಿಂತ ನೀರು ನೆಲದಲ್ಲಿ ನಿಧಾನ ಇಳಿದು ಒಡ್ಡಿನ ಕೆಳಗಿನ ಬಾವಿಗಳಲ್ಲಿ ಏಳುತ್ತಿತ್ತು. ಕೆರೆ ಬತ್ತಿದ ಮೇಲೂ ಎರಡು ಮೂರು ತಿಂಗಳು ಆ ಬಾವಿಗಳಲ್ಲಿ ಕೊಡ ಮುಳುಗುವಷ್ಟು ನೀರು.

ತೂಬನ್ನೂ ತೋರಿಸಿದ. ಎರಡು ಕಲ್ಲು ಕಂಬ, ನಡುವೆ ಒಂದರ ಕೆಳಗೊಂದು ಅಡ್ಡಗಲ್ಲು, ಅವುಗಳಲ್ಲಿ ತೂತು, ತೂತಿಗೆ ಮರದ ಬೆಣೆ. ಮೊದಲು ಮೇಲಿನ ತೂತಿನ ನೀರು, ಅದು ಮುಗಿದ ಮೇಲೆ ಅದರ ಕೆಳಗಿನದು. ಎಲ್ಲಕ್ಕಿಂತ ಕೆಳಗಿನ ತೂತನ್ನು ಬೆಳೆಗೆಂದು ಯಾರಿಗೂ ತೆಗೆಯುತ್ತಿರಲಿಲ್ಲ. ಅದರ ಮಟ್ಟದ ನೀರು ದನಕರುಗಳಿಗೆ.

ಇನ್ನೊಂದು ಪದ್ಧತಿ ಕೇಳಿ ನಕ್ಕಿದ್ದೆ. ಪ್ರತಿ ಬೇಸಿಗೆ ನಡುವಿನ ಕೆರೆಗೆ ನೀರು ತರುವ ಹಳ್ಳದ ಮುಳ್ಳುಕಂಟಿ ಕಡಿದು ದಾರಿ ಬಿಡಿಸಲು ಕೆಳಗಿನೂರಿನವರು ಮನೆಗೊಬ್ಬರಂತೆ ಬರುತ್ತಿದ್ದರು. "ತಮ್ಮ ಊರ ಬಿಟ್ಟು, ಮಂದಿ ಊರಾಗ ಬಿಟ್ಟಿ ದುಡಿತಾರನು?" ಅಂದೆ. ಬೀರಪ್ಪ ಮುಂದೆ ನಡೆದ.

ಕೆಲಸ ಶುರುವಾಯಿತು. ಮೊದಲಾಗಿದ್ದರೆ ಚಕ್ಕಡಿ, ಗುದ್ದಲಿ, ಬುಟ್ಟಿ. ರೈತ ತನಗೆ ಬೇಕಾದಷ್ಟು ಹೂಳನ್ನು ತಾನೇ ಒಯ್ಯುತ್ತಿದ್ದ. ಗುದ್ದಲಿಗೆ ಮಣ್ಣು ಅಂಟತೊಡಗಿದರೆ ಅವನೇ ನಿಲ್ಲಿಸುತ್ತಿದ್ದ. ನಾನು ತಂದದ್ದು ಜೆಸಿಬಿ. ಅದಕ್ಕೆ ಕಪ್ಪು ಮಣ್ಣೂ ಒಂದೇ, ನೀಲಿ ಮಣ್ಣೂ ಒಂದೇ. ನನಗೆ ಬಿಲ್ಲು ಆಗುತ್ತಿದ್ದದ್ದು ತೆಗೆದ ಮಣ್ಣಿನ ಅಳತೆಯ ಮೇಲೆ. ಒಂದೇ ಕಡೆ ಆಳಕ್ಕೆ ಇಳಿದರೆ ಯಂತ್ರ ಸರಿದಾಡುವ ಖರ್ಚು ಉಳಿಯುತ್ತದೆ. ಕೆರೆಯ ನಟ್ಟನಡುವೆ ಇಳಿದೆ.

ಎದೆಮಟ್ಟ ಕಪ್ಪು ಹೂಳು ತೆಗೆದ ಮೇಲೆ ಬೂದಿ ಬಣ್ಣಕ್ಕೆ ನೀಲಿ ಛಾಯೆಯ ಜಿಗುಟು ಮಣ್ಣು ಕಂಡಿತು. ಬೀರಪ್ಪ ಗುಂಡಿಗೆ ಇಳಿದು ಬಕೆಟ್ಟಿನ ಎದುರು ನಿಂತ. "ಇಲ್ಲಿಗಿ ಸಾಕು ಮಾಡ್ರಿ. ಇದನ್ನ ಮುಟ್ಟಬ್ಯಾಡ್ರಿ."

ಈಗ ನನ್ನ ತಪ್ಪು ನೋಡಿ. ನಾನು ಸಂತೆಯಲ್ಲಿ ಬೆಳೆದವನು. ಯಾರಾದರೂ ಬೇಡ ಅಂದರೆ ಅದು ನನಗೆ ದರ ಏರಿಸುವ ದಾರಿಯಾಗಿಯೇ ಕೇಳುತ್ತಿತ್ತು. ಮುದುಕನಿಗೆ ಏನೋ ಬೇಕಾಗಿದೆ ಅಂದುಕೊಂಡೆ.

"ನಿನ್ನ ಹೊಲಕ್ಕ ಎರಡ ಟ್ರೇಲರ್ ಹೂಳ ಹಾಕಸ್ತೀನಿ, ಕಾಕಾ."

"ಹೂಳಿನ ಮಾತಲ್ಲ."

"ನಾಕ."

"ಮುಟ್ಟಬ್ಯಾಡ್ರಿ ಅಂದ್ನೆಪಾ."

"ಆತು, ಎಂಟ. ನಂದೂ ಡೀಸೆಲ್ ಖರ್ಚ ಐತಿ."

ಬೀರಪ್ಪ ನನ್ನ ಮುಖ ನೋಡಿದ. ತಂಬಾಕು ಉಗುಳಿ ಗುಂಡಿ ಹತ್ತಿ ಹೋದ. ವ್ಯವಹಾರ ಕುದುರಿತು ಎಂದು ನಾನು ಡ್ರೈವರನಿಗೆ ಕೈ ಮಾಡಿದೆ. ಮಾತಿಗೆ ತಪ್ಪದೆ ಸಂಜೆಯೇ ಎಂಟು ಟ್ರೇಲರ್ ಮಣ್ಣು ಬೀರಪ್ಪನ ಹೊಲದ ಬದುವಿಗೆ ಸುರಿಸಿದೆ. ಒಂದೂವರೆ ಅಡಿ ನೀಲಿ ಮಣ್ಣು ಹೋದ ಮೇಲೆ ಕೆಳಗೆ ಬಿಳಿ ಗರಸು, ಅದರ ಕೆಳಗೆ ಸುಣ್ಣದ ಕಲ್ಲಿನ ಬಂಡೆ. ಅಳತೆ ಆಯಿತು, ಬಿಲ್ಲು ಆಯಿತು.

ಮುಂಗಾರಿನ ರೋಹಿಣಿ, ಮಿರಗದ ಮಳೆ ಆ ವರ್ಷ ಚೆನ್ನಾಗಿ ಆದವು. ನಡುವಿನ ಕೆರೆಯಲ್ಲಿ ಸೊಂಟದ ಮಟ್ಟ ನೀರು ನಿಂತಿತು. ಆರನೆಯ ದಿನ ಕೆರೆಯಲ್ಲಿ ಕೆಸರು ಮಾತ್ರ ಇತ್ತು. ಒಡ್ಡಿನ ಕೆಳಗಿನ ಬಾವಿಗಳಲ್ಲೂ ನೀರು ಏರಿರಲಿಲ್ಲ. ಅದೇ ವಾರ ಎರಡು ಮೈಲಿ ಆಚೆಯ ಕಲ್ಲಿನ ಖಣಿಯ ಮಾಲಕ ನನ್ನನ್ನು ಹುಡುಕಿಕೊಂಡು ಬಂದ. "ನನ್ನ ಖಣಿಯಾಗ ಒಮ್ಮಿಗೇಲೆ ನೀರ ಎದ್ದೈತಿ. ನೀವೇನರ ಪೈಪ್ ಹಾಕೀರೇನ್ರಿ?" ಅಂದ.

ಮತ್ತೆ ಒಂದು ಮಳೆ ಬಿದ್ದು ಮೊಣಕಾಲು ನೀರು ನಿಂತಾಗ ಬೀರಪ್ಪ ಒಂದು ಬುಟ್ಟಿ ಜೋಳದ ಹೊಟ್ಟು ತಂದ. ಗಾಳಿ ಇಲ್ಲದ ಬೆಳಗು ನೋಡಿ ನೀರಿನ ಮೇಲೆ ಚೆಲ್ಲಿದ. ಹೊಟ್ಟು ಸುಮ್ಮನೆ ತೇಲಿತು, ಆಮೇಲೆ ನಿಧಾನ ಸರಿಯತೊಡಗಿತು. ಮೂರು ಕಡೆಯಿಂದ ಬಂದು ಒಂದೇ ಜಾಗದಲ್ಲಿ, ನಾನು ಅಗೆದ ಗುಂಡಿಯ ಮೂಲೆಯಲ್ಲಿ, ಕೂಡಿ ಸುತ್ತಿತು. ಅಲ್ಲಿ ಬಂಡೆಯ ಬಿರುಕು ಬಾಯಿ ತೆರೆದಿತ್ತು.

"ಆ ನೀಲಿ ಮಣ್ಣ ಕೆರಿಯ ತಳ," ಅಂದ ಬೀರಪ್ಪ. "ಹಿರ್ಯಾರ ಹಾಕಿ ತುಳಿಸಿದ್ದು. ಸುಣ್ಣದ ಕಲ್ಲಿನ ನೆಲದಾಗ ಅದಿಲ್ಲಂದ್ರ ಕೆರಿ ಅಲ್ಲ, ಜಲ್ಲಡಿ."

"ಅವತ್ತ ಬಿಡಿಸಿ ಹೇಳಬೇಕಿತ್ತಲ್ಲ, ಕಾಕಾ."

"ನೀ ಎಲ್ಲಿ ಕೇಳಾಕತ್ತಿದ್ದಿ? ಎಣಸಾಕತ್ತಿದ್ದಿ."

ಈ ನೆಲದಲ್ಲಿ ಮುಂಗಾರು ಕೆರೆಯ ತಳ ತೊಯ್ಯಿಸುತ್ತದೆ ಅಷ್ಟೇ. ಕೆರೆ ತುಂಬುವುದು ಸೆಪ್ಟೆಂಬರಿನ ಉತ್ತರಿ, ಹಸ್ತದ ಮಳೆಗೆ. ಅಷ್ಟರೊಳಗೆ ತಳ ಮುಚ್ಚದಿದ್ದರೆ ನಡುವಿನೂರಿನ ಬಾವಿಗಳಿಗೆ ಬೇಸಿಗೆಯಲ್ಲಿ ನೀರಿಲ್ಲ. ನಡುವಿನ ಕೆರೆ ಕೋಡಿ ಬೀಳದಿದ್ದರೆ ಕೆಳಗಿನ ಕೆರೆಗೂ ಇಲ್ಲ. ಎರಡು ಊರು. ನನ್ನ ಕೈಯಲ್ಲಿ ಇದ್ದದ್ದು ಎರಡು ತಿಂಗಳು.

ಕೆಲಸದ ಮೇಲಿದ್ದ ಎಂಜಿನಿಯರ್ ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ಹಿಂದಿನ ಅಧಿಕಾರಿ ಆಳದ ಅಳತೆಗೆ ಸಹಿ ಮಾಡಿ ವರ್ಗವಾಗಿ ಹೋಗಿದ್ದರು, ಇವರು ಆಮೇಲೆ ಬಂದವರು. ರೋಲರ್ ತರಿಸಿ ಮಣ್ಣು ಒತ್ತಿಸೋಣ ಅಂದರು. ಬೀರಪ್ಪ ತಲೆ ಅಲ್ಲಾಡಿಸಿದ.

"ರೋಲರ್ ಮ್ಯಾಲಷ್ಟ ನುಣ್ಣಗ ಮಾಡತೈತ್ರಿ, ಸಾಹೇಬ್ರ. ಒಂದ ಪದರಿನ ಮ್ಯಾಲ ಇನ್ನೊಂದ ಹಾಕಿದ್ರ ರೊಟ್ಟಿ ಮ್ಯಾಲ ರೊಟ್ಟಿ ಇಟ್ಟಂಗ. ನಡು ನೀರ ಹಾಯತೈತಿ. ಕುರಿ ಗೊರಸು ಮ್ಯಾಲಿಂದನ್ನ ಕೆಳಗಿಂದ್ರಾಗ ಕಲಸತಾವ."

ಎಂಜಿನಿಯರ್ ನಕ್ಕರು. "ನಮ್ಮ ಪುಸ್ತಕದಲ್ಲಿ ಕುರಿಪಾದದ ರೋಲರ್ ಅಂತಲೇ ಒಂದಿದೆ, ಅಜ್ಜ. ಅದು ಇಲ್ಲಿಗೆ ಬರೋ ಹೊತ್ತಿಗೆ ಮಳೆ ಬಂದಿರುತ್ತೆ. ನಿಮ್ಮ ಕುರಿಗಳನ್ನೇ ಕರೀರಿ."

ಕುರಿ ಬೀರಪ್ಪನ ಬೀಗರು, ನೆಂಟರು ಎಲ್ಲರದೂ ಸೇರಿ ಎಂಟು ನೂರು. ಅವನ ಬೆಲೆ ಕೇಳಿದೆ. ಕುರಿಗಳಿಗೆ ಮೇವು, ಕಾಯುವವರಿಗೆ ಎರಡು ಹೊತ್ತು ಊಟ. ಇಷ್ಟೇ ಎಂದು ನಾನು ಒಳಗೊಳಗೆ ಹಿಗ್ಗುವಷ್ಟರಲ್ಲಿ ಇನ್ನೊಂದು ಹೇಳಿದ: "ಕೆಳಗಿನೂರಿಗಿ ಹೋಗಿ ನೀ ಮಾಡಿದ್ದನ್ನ ನಿನ್ನ ಬಾಯಿಲೆ ಹೇಳಿ ಬರಬೇಕು."

"ಅವರಿಗ್ಯಾಕ? ಗುತ್ತಿಗಿ ಈ ಊರಂದು."

"ನೀರ ಅವರದೂ ಐತಿ."

ಅದರ ಬದಲು ಬೇರೆ ಏನು ಬೇಕಾದರೂ ಕೊಡುತ್ತೇನೆ ಎಂದು ನೋಡಿದೆ. ಬೀರೇಶ್ವರನ ಗುಡಿಗೆ ಹಂಚು, ಕುರಿಗೆ ಔಷಧಿ. ಇಳಿಯಲಿಲ್ಲ. ನನ್ನ ಜೀವನದಲ್ಲಿ ಚೌಕಾಸಿ ಮಾಡಲಾಗದೆ ಕೊಟ್ಟ ಬೆಲೆ ಅದೊಂದೇ.

ಕೆಳಗಿನೂರಿನ ಚಾವಡಿಯ ಕಟ್ಟೆಯ ಮೇಲೆ ಹತ್ತಿಪ್ಪತ್ತು ಜನ ಕೂತಿದ್ದರು. ಹೇಳಿದೆ. ಗಂಡಸರು ಬಯ್ದರು, ಬಯ್ಯಲೇಬೇಕಿತ್ತು. ಗಂಗವ್ವ ಎಂಬಾಕೆ, ಕೆರೆಯ ಕೆಳಗೆ ಅರ್ಧ ಎಕರೆ ಬದನೆ, ಮೆಣಸಿನಕಾಯಿ ಬೆಳೆದು ಲೋಕಾಪುರದ ಸಂತೆಗೆ ಒಯ್ಯುವಾಕೆ, ಅವರು ಮುಗಿಸುವ ತನಕ ಕಾದಳು.

"ಬೈದದ್ದ ಆತೇನ್ರಿ? ಬೈಗಳದ್ಲೆ ಬಿರುಕ ಮುಚ್ಚತೈತಿ ಅಂದ್ರ ಇನ್ನೂ ಎರಡ ದಿನಾ ಬೈರಿ." ಆಮೇಲೆ ನನ್ನ ಕಡೆ ತಿರುಗಿ, "ಮಣ್ಣ ಎಲ್ಲಿಂದ ತರಾಂವ, ಯಪ್ಪಾ?" ಅಂದಳು.

ಅದೇ ನನಗೂ ಗೊತ್ತಿರಲಿಲ್ಲ.

"ಗೊತ್ತಿಲ್ಲವ್ವಾ."

"ಖರೆ ಹೇಳಿದಿ, ಛಲೋ ಆತು. ನಡುವಿನೂರಾಗ ನನ್ನ ತವರಮನಿ ಐತಿ. ನೀ ಹೂಳ ಅಂತ ಹಾಕಿದ ಮಣ್ಣ ಬಿಸಲಿಗಿ ಬಿರದು ಹಂಚಿನಂಗ ಆಗೇತಿ ಅಂತ ನಮ್ಮಣ್ಣ ದಿನಾ ನಿನ್ನ ಹೆಸರ ತಗೊಳ್ಳಾಕತ್ತಾನ. ಬಿತ್ತಾಕ ಬರವಲ್ದು. ಅದನ್ನ ತಿರುಗಿ ಒಯ್ಯಿ."

ನೀಲಿ ಮಣ್ಣು ಹೊಲಕ್ಕೆ ಕೆಲಸಕ್ಕೆ ಬಾರದ್ದು. ಕಪ್ಪು ಹೂಳಿನ ಜೊತೆ ಅದನ್ನೂ ರೈತರಿಗೆ ಸಾಗಹಾಕಿದ್ದೆ. ಈಗ ಹೊಲದಿಂದ ಹೊಲಕ್ಕೆ ಹೋಗಿ, ನಾನೇ ಕೊಟ್ಟ ಮಣ್ಣನ್ನು ನಾನೇ ಕೈಮುಗಿದು ಬೇಡಿದೆ. ಮೊದಲು ಹೋದದ್ದು ಬೀರಪ್ಪನ ಹೊಲಕ್ಕೆ. ಎಂಟು ಟ್ರೇಲರ್ ಗುಡ್ಡೆ ಅಲುಗದೆ ಹಾಗೇ ಬಿದ್ದಿತ್ತು. "ನಿಂದ ಐತಿ, ಒಯ್ಯಿ," ಅಂದ. ನಗಲೂ ಇಲ್ಲ.

ಟ್ರ್ಯಾಕ್ಟರ್ ಮಾರಿದ್ದು ಆಗ. ಹಲವು ಬಾಡಿಗೆ ಟ್ರೇಲರುಗಳಿಗೆ, ಮೇವಿಗೆ, ಊಟಕ್ಕೆ ಹಣ ಬೇಕಾಗಿತ್ತು. ಕೂಲಿಯವರನ್ನು ಹುಡುಕಬೇಕು ಎಂದುಕೊಳ್ಳುವಷ್ಟರಲ್ಲಿ ಕೆಳಗಿನೂರಿನಿಂದ ಮನೆಗೊಬ್ಬರಂತೆ ಬುಟ್ಟಿ ಸಲಿಕೆ ಹಿಡಿದು ಜನ ಬಂದರು, ಹಳ್ಳ ಬಿಡಿಸಲು ಬರುವಂತೆಯೇ. ಮುಂದೆ ಗಂಗವ್ವ. ಬೇಸಿಗೆಯಲ್ಲಿ ನಾನು ಬಿಟ್ಟಿ ದುಡಿತ ಎಂದು ನಕ್ಕಿದ್ದು ಇವರ ಬಗ್ಗೆಯೇ.

ಕೆಲಸದ ರೀತಿ ಬರೆದಿಡುತ್ತೇನೆ, ಎಲ್ಲಿಯಾದರೂ ಬೇಕಾದೀತು. ಮೊದಲು ಬಿರುಕಿನ ಒಳಗಿನ ಕಸ ತೆಗೆದು ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಅದರ ಮೇಲೆ ಗರಸು ತುಂಬಿಸಿದೆವು, ಮೇಲಿನ ಮಣ್ಣು ಒಳಗೆ ಜಾರಬಾರದು ಎಂದು. ಆಮೇಲೆ ನೀಲಿ ಮಣ್ಣಿನ ಹೆಂಟೆ ಒಡೆದು ಅರ್ಧ ಗೇಣು ದಪ್ಪ ಹಾಸುವುದು. ನೀರು ಚಿಮುಕಿಸಿ ಒಂದು ರಾತ್ರಿ ನೆನೆಯಲು ಬಿಡುವುದು. ಕೈಯಲ್ಲಿ ಉಂಡೆ ಕಟ್ಟಿದರೆ ನಿಲ್ಲಬೇಕು, ಬೆರಳಿಗೆ ಅಂಟಬಾರದು. ಅಂಟಿದರೆ ಬಿಸಿಲಿಗೆ ಇನ್ನೊಂದು ತಾಸು ಬಿಡಬೇಕು. ಆಮೇಲೆ ಕುರಿ. ಸುತ್ತ ಮುಳ್ಳಿನ ಬೇಲಿ ಹಾಕಿ, ಒತ್ತಾಗಿ, ಗಾಣದ ಎತ್ತಿನಂತೆ ಸುತ್ತು ಹೊಡೆಸುವುದು. ಬೀರಪ್ಪ ನಡುವೆ ನಿಂತು ಹುರ್ರ್ ಅನ್ನುತ್ತಿದ್ದ. ಗೊರಸಿನ ಗುರುತು ಆಳ ಬೀಳುವುದು ಕಡಿಮೆಯಾಗುತ್ತ ಬಂದು, ಬರಿಗಾಲಿನ ಹಿಮ್ಮಡಿ ಊರಿದರೂ ಇಳಿಯದ ಹಾಗೆ ಆದರೆ ಆ ಪದರು ಮುಗಿಯಿತು. ಅದು ಒಣಗಿ ಬಿರಿಯುವ ಮೊದಲೇ ಮುಂದಿನದು. ಮೂರು ಪದರು ಬೇಕೆಂದು ಎಂಜಿನಿಯರ್, ಐದು ಬೇಕೆಂದು ಬೀರಪ್ಪ. ಐದು ಹಾಕಿದೆವು.

ಸೋರುತ್ತದೋ ಎಂದು ನೋಡಲು ನಡುವೆ ಗೇಣು ಅಗಲದ ಕುಳಿ ತೋಡಿ ನೀರು ತುಂಬಿ, ನೀರಿನ ಮಟ್ಟಕ್ಕೆ ಜಾಲಿಯ ಮುಳ್ಳು ಚುಚ್ಚಿಟ್ಟೆವು. ಬೆಳಗಾಗುವುದರಲ್ಲಿ ಮುಳ್ಳಿನಿಂದ ಒಂದು ಬೆರಳು ನೀರು ಇಳಿದಿತ್ತು. ಎಂಜಿನಿಯರ್ ಪರವಾಗಿಲ್ಲ ಅಂದರು. ಬೀರಪ್ಪ ಒಪ್ಪದೆ ಇನ್ನೆರಡು ದಿನ ಕುರಿ ಹೊಡೆದ. ಎರಡನೆಯ ಸಲ ಮುಳ್ಳು ನೀರಿಗೆ ತಾಗಿಯೇ ಇತ್ತು. ಅದೇ ದಿನ ಕುಳಿಗೂ ಮಣ್ಣು ತುಂಬಿ ತುಳಿಸಿ, ತಳ ಬಿರಿಯದಂತೆ ಮೇಲೆ ಮೊಳದಷ್ಟು ಕಪ್ಪು ಹೂಳು ಹರಡಿದೆವು.

ಕೆಲಸ ಮುಗಿದ ನಾಲ್ಕನೆಯ ದಿನಕ್ಕೆ ಉತ್ತರಿಯ ಮಳೆ ಹಿಡಿಯಿತು. ಮೇಲಿನ ಕೆರೆ ಎರಡು ದಿನಕ್ಕೆ ಕೋಡಿ ಬಿತ್ತು. ಕೆಳಗಿನೂರಿನವರು ಬಿಡಿಸಿದ್ದ ಹಳ್ಳದಲ್ಲಿ ನೀರು ಕೆಂಪಗೆ ಬಂದು ನಡುವಿನ ಕೆರೆಗೆ ಇಳಿಯಿತು. ಮಳೆ ನಿಂತಿತು. ತೂಬಿನ ಕಂಬದ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆದೆ. ದಿನಾ ಹೋಗಿ ನೋಡಿದೆ. ಹಿಂದಿನ ಸಲ ಬರೀ ಕೆಸರು ಉಳಿದಿದ್ದ ಆರನೆಯ ದಿನ ಮೂರು ಸಲ ಹೋದೆ. ಏಳನೆಯ ದಿನ ನೀರು ಗೆರೆಯಿಂದ ಎರಡು ಬೆರಳು ಕೆಳಗಿತ್ತು. ಬೀರಪ್ಪ ನೋಡಿ, "ಅಷ್ಟ ಬಿಸಲು ಕುಡಿತೈತಿ. ಅದಕ್ಕೂ ಪಾಲು ಬ್ಯಾಡೇನು?" ಅಂದ.

ಹಸ್ತದಲ್ಲಿ ಮತ್ತೆ ಮಳೆಯಾಗಿ ನಡುವಿನ ಕೆರೆ ತುಂಬಿತು. ಕೋಡಿಯ ಕಲ್ಲಿನ ಮೇಲೆ ಮೊದಲು ಒಂದು ಎಳೆಯಂತೆ, ಆಮೇಲೆ ಸೆರಗಿನಂತೆ ನೀರು ಬಿತ್ತು. ಕೆಳಗಿನೂರಿನಿಂದ ಜನ ಹಳ್ಳದ ಗುಂಟ ನಡೆದು ಬಂದಿದ್ದರು. ಗಂಗವ್ವ ಆ ನೀರಿಗೆ ಕಾಲಿಟ್ಟು ನಿಂತು, "ನಮ್ಮೂರಿಗಿ ಮುಟ್ಟಾಕ ಇನ್ನೂ ಅರ್ಧ ದಿನಾ ಬೇಕು," ಎಂದು ಹೇಳಿ, ನೀರಿನ ಜೊತೆಗೇ ಊರ ಕಡೆ ನಡೆದಳು. ನಾನೂ ನಡೆದೆ. ದಾರಿಯಲ್ಲಿ ಒಂದು ತಗ್ಗು ತುಂಬುವ ತನಕ ನೀರು ನಿಂತಿತು, ನಾವೂ ನಿಂತೆವು. ಹೊತ್ತು ಇಳಿಯುವಾಗ ಅದು ಕೆಳಗಿನ ಕೆರೆಗೆ ಸೇರಿತು.

ಈಗ ಕೆಲಸಕ್ಕೆ ಇಳಿಯುವವರಿಗೆ ನಾಲ್ಕು ಮಾತು. ಕೆರೆಯ ಹೂಳನ್ನು ತೆಳ್ಳಗೆ, ಅಗಲಕ್ಕೆ ತೆಗೆಯಿರಿ. ಆಳ ತೋರಿಸಿ ಬಿಲ್ಲು ಮಾಡಬೇಡಿ. ಒಡ್ಡಿನ ಬುಡದಿಂದ ಮೂವತ್ತು ಹೆಜ್ಜೆ ಒಳಗೆ ಗುದ್ದಲಿ ಹಾಕಬೇಡಿ. ಯಂತ್ರ ಇಳಿಸುವ ಮೊದಲು ಹತ್ತು ಕಡೆ ಕೈಯಿಂದ ಕುಳಿ ತೋಡಿ, ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆ ಎಂದು ಕೋಲಿಗೆ ಗುರುತು ಹಾಕಿ, ಆ ಕೋಲನ್ನು ಡ್ರೈವರನ ಕೈಗೆ ಕೊಡಿ. ಒಡ್ಡಿನ ಮೇಲೆ ಗಿಡ ನೆಡುವ ಕಾರ್ಯಕ್ರಮಕ್ಕೆ ಯಾರಾದರೂ ಹಾರ ಹಿಡಿದು ಬಂದರೆ ಹಾರ ಹಾಕಿಸಿಕೊಂಡು ಗಿಡವನ್ನು ಬೇರೆ ಕಡೆ ನೆಡಿಸಿ, ಬೇರು ಕೊಳೆತರೆ ಅದೇ ನೀರಿಗೆ ದಾರಿ. ದರಪಟ್ಟಿ ಬರೆಯಲು ಕೂರುವ ಮೊದಲು ಒಂದು ದಿನ ಖರ್ಚು ಮಾಡಿ, ಬುತ್ತಿ ಕಟ್ಟಿಕೊಂಡು, ಕೋಡಿಯಿಂದ ಹಳ್ಳ ಹಿಡಿದು ಕೆಳಗಿನ ಕೆರೆಯ ತನಕ ನಡೆಯಿರಿ. ಅಲ್ಲಿಯ ಬಾವಿಯ ಹತ್ತಿರ ಯಾರಾದರೂ ನೀರು ಸೇದುತ್ತಿರುತ್ತಾರೆ. ಒಂದು ತಂಬಿಗೆ ಕೇಳಿ ಕುಡಿಯಿರಿ, ನಿಮ್ಮ ಹೆಸರು ಹೇಳಿ, ಅವರಿಗಿಂತ ಮೇಲಿನ ಕೆರೆಯ ಕೆಲಸ ನೀವು ಹಿಡಿಯುತ್ತಿರುವುದನ್ನೂ ಹೇಳಿ.